ಅರೆಗಟ್ಟಿ ವಸ್ತುವಿನ ಕಥೆ: ಮುದ್ರಿತ ಬ್ರಾಕೆಟ್ಟುಗಳ ಹಗುರತನದ ಚರಿತ್ರೆ

ಯಂತ್ರದ ಒಂದು ಭಾಗವನ್ನು ಇನ್ನೊಂದಕ್ಕೆ ಹಿಡಿದು ನಿಲ್ಲಿಸುವ ತುಂಡಿಗೆ ಬ್ರಾಕೆಟ್ ಎಂದು ಹೆಸರು. ಇಂತಹ ತುಂಡಿನಲ್ಲಿ ಲೋಹ ಎಲ್ಲಿರಬೇಕು, ಎಲ್ಲಿ ಇಲ್ಲದಿದ್ದರೂ ನಡೆದೀತು ಎಂಬುದನ್ನು ಗಣಿತದಿಂದ ನಿರ್ಣಯಿಸುವ ಶಾಸ್ತ್ರವನ್ನು ಟೊಪಾಲಜಿ ಆಪ್ಟಿಮೈಸೇಶನ್ ಎನ್ನುತ್ತಾರೆ. ಲೋಹದ ಪುಡಿಯನ್ನು ಪದರ ಪದರವಾಗಿ ಕರಗಿಸಿ ವಸ್ತುಗಳನ್ನು ಮುದ್ರಿಸುವ ಯಂತ್ರಗಳು ಬಂದ ಮೇಲೆ ಈ ಶಾಸ್ತ್ರದ ಜೊತೆಗೆ ಜಾಲರಿಯ ಮಾತೂ ಕೇಳಿಬರುತ್ತಿದೆ. ತುಂಡಿನ ಒಳಭಾಗವನ್ನು ಗಟ್ಟಿಯಾಗಿ ಬಿಡದೆ ಸಣ್ಣ ಕಡ್ಡಿಗಳ ಹೆಣಿಗೆಯಿಂದ ತುಂಬಿದರೆ ಅದು ಹಗುರವೂ ಬಲವೂ ಆಗುವುದೆಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿದೆ. ಈ ನಂಬಿಕೆಯಲ್ಲಿ ಸತ್ಯಾಂಶ ಎಷ್ಟೆಂಬುದನ್ನು ಶಾಸ್ತ್ರದ ಚರಿತ್ರೆಯ ಮೂಲಕವೇ ಪರಿಶೀಲಿಸುವುದು ಪ್ರಕೃತ ಲೇಖನದಲ್ಲಿ ನಮ್ಮ ಉದ್ದೇಶ.

ಚರಿತ್ರೆಯ ಆರಂಭ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ. ಅಲ್ಲಿಯ ಎಂಜಿನಿಯರ್ ಎ. ಜಿ. ಎಂ. ಮಿಚೆಲ್ 1904ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿ, ಒಂದು ನಿಶ್ಚಿತ ಹೊರೆಯನ್ನು ಅತ್ಯಲ್ಪ ವಸ್ತುವಿನಿಂದ ಹೊರಬಲ್ಲ ಚೌಕಟ್ಟು ಹೇಗಿರಬೇಕೆಂದು ತೋರಿಸಿದನು. ಅದರಲ್ಲಿ ಎಳೆತವನ್ನು ತಾಳುವ ಕಡ್ಡಿಗಳೂ ಒತ್ತಡವನ್ನು ತಾಳುವ ಕಡ್ಡಿಗಳೂ ಪರಸ್ಪರ ಲಂಬವಾಗಿ ಹಾಯುತ್ತವೆ. ಆದರೆ ಆದರ್ಶ ಚೌಕಟ್ಟಿಗೆ ಸಾಮಾನ್ಯವಾಗಿ ಅಸಂಖ್ಯಾತವಾದ, ಅತಿ ಸೂಕ್ಷ್ಮವಾದ ಕಡ್ಡಿಗಳು ಬೇಕಾಗುತ್ತವೆ. ಅದನ್ನು ಕಾರ್ಖಾನೆಯಲ್ಲಿ ಮಾಡುವ ಬಗೆ ಇರಲಿಲ್ಲವಾದುದರಿಂದ ಫಲಿತಾಂಶವು ಬಹುಕಾಲ ಗ್ರಂಥದಲ್ಲಿಯೇ ಉಳಿಯಿತು.

ಇದೇ ತೊಡಕು 1981ರಲ್ಲಿ ಇನ್ನೊಂದು ರೂಪದಲ್ಲಿ ಕಾಣಿಸಿಕೊಂಡಿತು. ಚೆಂಗ್ ಮತ್ತು ಓಲ್‌ಹಾಫ್ ಎಂಬ ವಿದ್ವಾಂಸರು ಬಾಗದಂತಹ ತಗಡಿನ ದಪ್ಪವನ್ನು ಗಣಕದಿಂದ ನಿರ್ಣಯಿಸುತ್ತಿದ್ದರು. ಲೆಕ್ಕದ ಚೌಕಗಳನ್ನು ಸಣ್ಣದು ಮಾಡಿದಷ್ಟೂ ತಗಡಿನ ಮೇಲೆ ಹೆಚ್ಚು ಹೆಚ್ಚು ತೆಳುವಾದ ಏಣುಗಳು ಮೂಡಿದವು. ಲೆಕ್ಕ ಒಂದು ಕೊನೆಯ ಆಕೃತಿಗೆ ಬಂದು ನಿಲ್ಲಲಿಲ್ಲ. ಪ್ರಕೃತಿ ಬಯಸುವ ಉತ್ತಮ ರಚನೆ ಗಟ್ಟಿಯೂ ಅಲ್ಲ, ಬರಿದೂ ಅಲ್ಲ, ಎರಡರ ಸೂಕ್ಷ್ಮವಾದ ಮಿಶ್ರಣವೆಂಬುದು ಇದರಿಂದ ವ್ಯಕ್ತವಾಯಿತು.

1988ರಲ್ಲಿ ಬೆಂಡ್ಸೋ ಮತ್ತು ಕಿಕೂಚಿ ಈ ತೊಡಕನ್ನೇ ಉಪಾಯವನ್ನಾಗಿ ಮಾಡಿಕೊಂಡರು. ವಸ್ತುವಿನ ಪ್ರತಿಯೊಂದು ಬಿಂದುವಿನಲ್ಲಿಯೂ ಸೂಕ್ಷ್ಮ ರಂಧ್ರವುಳ್ಳ ಕೋಶಗಳಿವೆಯೆಂದು ಭಾವಿಸಿ, ರಂಧ್ರದ ಅಳತೆಯನ್ನೂ ದಿಕ್ಕನ್ನೂ ಲೆಕ್ಕದಿಂದ ಹುಡುಕಿದರು. ಹೀಗೆ ಅರೆಗಟ್ಟಿ ವಸ್ತುವಿಗೆ ಶಾಸ್ತ್ರದಲ್ಲಿ ಒಂದು ನ್ಯಾಯವಾದ ಸ್ಥಾನ ದೊರೆಯಿತು. ಆದರೆ ಆ ಸ್ಥಾನ ಬಹುಕಾಲ ಉಳಿಯಲಿಲ್ಲ. ಎರಕ ಹೊಯ್ಯುವವನಿಗೂ ಕಡೆಯುವವನಿಗೂ ಬೇಕಾದುದು ಲೋಹ ಇದೆಯೋ ಇಲ್ಲವೋ ಎಂಬ ಸ್ಪಷ್ಟವಾದ ಉತ್ತರ. ಅದನ್ನು ಪಡೆಯುವ ಸರಳ ಮಾರ್ಗವನ್ನು ಬೆಂಡ್ಸೋ 1989ರಲ್ಲಿ ಸೂಚಿಸಿದನು. ಸಾಂದ್ರತೆಯ ಒಂದು ಘಾತಕ್ಕೆ ಅನುಗುಣವಾಗಿ ಬಿಗಿತವನ್ನು, ಅಂದರೆ ಹೊರೆಗೆ ಬಾಗದಿರುವ ಗುಣವನ್ನು, ಇಳಿಸುವುದೇ ಈ ಮಾರ್ಗ. ಘಾತ ಮೂರಾದರೆ ಅರ್ಧ ಸಾಂದ್ರತೆಯ ವಸ್ತುವಿನ ತೂಕ ಅರ್ಧವೇ ಆದರೂ ಅದರ ಬಿಗಿತ ಎಂಟರಲ್ಲೊಂದು ಪಾಲು ಮಾತ್ರ. ಅರೆಗಟ್ಟಿ ವಸ್ತು ಹೀಗೆ ದುಬಾರಿಯಾಗುವುದರಿಂದ ಲೆಕ್ಕವು ತಾನಾಗಿಯೇ ಅದನ್ನು ಹೊರದೂಡುತ್ತದೆ.

ಡೆನ್ಮಾರ್ಕಿನ ಓಲೆ ಸಿಗ್ಮಂಡ್ 2001ರಲ್ಲಿ ಈ ವಿಧಾನವನ್ನು 99 ಸಾಲುಗಳ ಒಂದು ಗಣಕಕ್ರಮವಾಗಿ ಬರೆದು ಪ್ರಕಟಿಸಿದನು. ಅದನ್ನು ನಡೆಸುವ ಆಜ್ಞೆ ಇಷ್ಟೆ:

```
top(60,20,0.5,3.0,1.5)
```

ಮೊದಲಿನ ಎರಡು ಅಂಕಿಗಳು ಅಡ್ಡಲಾಗಿಯೂ ನೆಟ್ಟಗೆಯೂ ಇರುವ ಚೌಕಗಳ ಸಂಖ್ಯೆ. ಮೂರನೆಯದು ಉಳಿಸಬೇಕಾದ ವಸ್ತುವಿನ ಭಾಗ. ನಾಲ್ಕನೆಯದು ಮೇಲೆ ಹೇಳಿದ ಘಾತ. ಐದನೆಯದನ್ನು ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕು. ಅದಿಲ್ಲದಿದ್ದರೆ ಚಿತ್ರದಲ್ಲಿ ಚದುರಂಗದ ಹಲಗೆಯಂತೆ ಕಪ್ಪು ಬಿಳಿ ಮನೆಗಳು ಕಾಣಿಸಿಕೊಳ್ಳುತ್ತವೆ. ಮೂಲೆಗೆ ಮೂಲೆ ತಾಗಿದ ಚೌಕಗಳನ್ನು ಲೆಕ್ಕವು ಅವುಗಳ ನಿಜವಾದ ಬಿಗಿತಕ್ಕಿಂತ ಹೆಚ್ಚಿನದೆಂದು ಎಣಿಸುವುದೇ ಇದಕ್ಕೆ ಕಾರಣ. ಆ ಹಲಗೆ ಕಂಡರೆ ಫಲಿತಾಂಶ ಸುಳ್ಳೆಂದು ತಿಳಿಯಬೇಕು. ಪ್ರತಿಯೊಂದು ಚೌಕದ ನಿರ್ಣಯವನ್ನೂ 1.5 ಚೌಕದ ತ್ರಿಜ್ಯದೊಳಗಿನ ನೆರೆಯವುಗಳೊಡನೆ ಬೆರೆಸಿ ಈ ದೋಷವನ್ನು ಕಳೆಯುತ್ತಾರೆ.

ಈಗ ಒಂದು ನಿಜವಾದ ಬ್ರಾಕೆಟ್ಟನ್ನು ನೋಡೋಣ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು 2013ರಲ್ಲಿ ಜೆಟ್ ಎಂಜಿನ್ನನ್ನು ಎತ್ತಲು ಬಳಸುವ ಬ್ರಾಕೆಟ್ಟನ್ನು ಹಗುರಗೊಳಿಸುವ ಸ್ಪರ್ಧೆಯೊಂದನ್ನು ಏರ್ಪಡಿಸಿತು. ಎಂಜಿನ್ನನ್ನು ಎತ್ತುವಾಗ ಮಾತ್ರ ಕೆಲಸಕ್ಕೆ ಬರುವ ಈ ತುಂಡು ಹಾರಾಟದಲ್ಲಿಯೂ ಅಲ್ಲಿಯೇ ಇರುವುದರಿಂದ ಅದರ ತೂಕ ಸದಾ ಹೊರೆಯೇ. ವಸ್ತು ಟೈಟೇನಿಯಮ್ ಮಿಶ್ರಲೋಹ. ಮೂಲ ತುಂಡಿನ ತೂಕ 2,033 ಗ್ರಾಂ. ತಾಳಬೇಕಾದ ಹೊರೆಗಳು ನಾಲ್ಕು: ಮೇಲ್ಮುಖವಾಗಿ 8,000 ಪೌಂಡು, ಅಡ್ಡಲಾಗಿ 8,500 ಪೌಂಡು, ಲಂಬರೇಖೆಯಿಂದ 42 ಡಿಗ್ರಿ ಓರೆಯಾಗಿ 9,500 ಪೌಂಡು, ಮತ್ತು 5,000 ಪೌಂಡ್-ಅಂಗುಲದ ತಿರುಚು. ಕೊನೆಯ ಸುತ್ತಿನ ಹತ್ತು ವಿನ್ಯಾಸಗಳನ್ನು ಮುದ್ರಿಸಿ ಪರೀಕ್ಷಿಸಲಾಯಿತು. ಪ್ರಥಮ ಸ್ಥಾನ ಪಡೆದ ಇಂಡೋನೇಷ್ಯದ ಎಂಜಿನಿಯರನ ತುಂಡು 327 ಗ್ರಾಂ ತೂಗಿತು, ಎಂದರೆ ತೂಕದಲ್ಲಿ ಸುಮಾರು ಶೇಕಡ 84ರಷ್ಟು ಇಳಿಕೆ. ನಾಲ್ಕು ಹೊರೆಗಳನ್ನೂ ಒಟ್ಟಿಗೆ ಗಣನೆಗೆ ತಾರದೆ ಮೇಲ್ಮುಖದ ಹೊರೆಯೊಂದಕ್ಕೇ ಲೆಕ್ಕ ಮಾಡಿದ್ದರೆ ಇನ್ನೂ ಹಗುರವಾದ ಆಕೃತಿ ದೊರೆಯುತ್ತಿತ್ತು. ಆದರೆ ಅದು ತಿರುಚಿದೊಡನೆ ಸೋಲುತ್ತಿತ್ತು. ಹೇಳದೆ ಬಿಟ್ಟ ಹೊರೆಗೆ ಈ ಶಾಸ್ತ್ರ ಒಂದು ಗುಲಗಂಜಿ ಲೋಹವನ್ನೂ ಉಳಿಸುವುದಿಲ್ಲ.

ಗೆದ್ದ ತುಂಡಿನ ತೋಳುಗಳು ತೆಳುವಾದರೂ ಗಟ್ಟಿಯಾದವು. ಅದು ಜಾಲರಿ ತುಂಬಿದ ರಚನೆಯಲ್ಲ. ಇದು ಆಕಸ್ಮಿಕವಲ್ಲ. ಕಡ್ಡಿಗಳು ಬಾಗುವ ಮೂಲಕ ಹೊರೆ ತಾಳುವ ಸಾಮಾನ್ಯ ಜಾಲರಿಗಳಲ್ಲಿ ಬಿಗಿತವು ಸಾಂದ್ರತೆಯ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ಐದರಲ್ಲೊಂದು ಪಾಲು ಲೋಹವಿರುವ ಜಾಲರಿಯ ಬಿಗಿತ ಇಪ್ಪತ್ತೈದರಲ್ಲೊಂದು ಪಾಲಿನಷ್ಟು ಮಾತ್ರ. ಅಷ್ಟೇ ಲೋಹವನ್ನು ಹೊರೆಯ ದಿಕ್ಕಿಗೆ ನೇರವಾದ ಗಟ್ಟಿ ಕಡ್ಡಿಯಾಗಿ ಮಾಡಿದ್ದರೆ ಐದರಲ್ಲೊಂದು ಪಾಲು ಬಿಗಿತ ದೊರೆಯುತ್ತಿತ್ತು. ನಿಶ್ಚಿತವಾದ ಹೊರೆಗೆ ಬಿಗಿತವೇ ಗುರಿಯಾದಲ್ಲಿ ಇಂತಹ ಜಾಲರಿ ನಷ್ಟವೇ ಸರಿ.

ಹಾಗಾದರೆ ಅದರ ಉಪಯೋಗವೇನು? ಒತ್ತಡಕ್ಕೆ ಸಿಕ್ಕಿದ ತೆಳುವಾದ ಕಡ್ಡಿ ಮುರಿಯುವುದಕ್ಕೆ ಮೊದಲೇ ಪಕ್ಕಕ್ಕೆ ಬಳುಕುತ್ತದೆ. 10 ಮಿಲಿಮೀಟರ್ ವ್ಯಾಸದ ಗಟ್ಟಿ ಕಡ್ಡಿಯ ಲೋಹವನ್ನೇ 20 ಮಿಲಿಮೀಟರ್ ವ್ಯಾಸದ ಕೊಳವೆಯಾಗಿ ಹರಡಿದರೆ ಅದು ಬಳುಕುವ ಹೊರೆ ಏಳು ಪಟ್ಟು ಹೆಚ್ಚುತ್ತದೆ. ಗೋಡೆಯ ದಪ್ಪ ಮಾತ್ರ ಸುಮಾರು 1.34 ಮಿಲಿಮೀಟರಿಗೆ ಇಳಿಯುತ್ತದೆ. ಗೋಡೆಯನ್ನು ಇನ್ನೂ ತೆಳುವಾಗಿಸುತ್ತ ಹೋದರೆ ಒಂದು ಹಂತದಲ್ಲಿ ಅದು ತಾನೇ ನೆಗ್ಗುತ್ತದೆ. ಆ ಗೋಡೆಗೆ ಒಳಗಿನಿಂದ ಆಸರೆ ಕೊಡುವುದೇ ಜಾಲರಿಯ ನಿಜವಾದ ಕೆಲಸ. ಕ್ಲಾಸೆನ್, ಓಗೆ ಮತ್ತು ಸಿಗ್ಮಂಡ್ 2016ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ತೋರಿಸಿದವು: ಸಿಪ್ಪೆಯೊಳಗೆ ಜಾಲರಿ ತುಂಬಿದ ರಚನೆಯಲ್ಲಿ ಬಿಗಿತ ಕೊಂಚ ತಗ್ಗಿತು, ಬಳುಕುವಿಕೆಯನ್ನು ತಡೆಯುವ ಶಕ್ತಿ ಬಹಳವಾಗಿ ಹೆಚ್ಚಿತು.

ಈ ಲಾಭಕ್ಕೂ ಮಿತಿಗಳಿವೆ. ಲೋಹದ ಪುಡಿಯಿಂದ ಮುದ್ರಿಸುವಾಗ ಮುಚ್ಚಿದ ಕುಹರದಲ್ಲಿ ಕರಗದ ಪುಡಿ ಸಿಕ್ಕಿಬೀಳುತ್ತದೆ. ಆದುದರಿಂದ ಹೊರಬೀಳಲು ರಂಧ್ರಗಳನ್ನು ಬಿಡಬೇಕು. ಪುಡಿ ಉಳಿದಿದೆಯೇ ಎಂದು ಅರಿಯಲು ಸುಲಭವಾದ ಮೊದಲ ಪರೀಕ್ಷೆ ತಕ್ಕಡಿಯದು: ತುಂಡು ಲೆಕ್ಕದ ತೂಕಕ್ಕಿಂತ ಹೆಚ್ಚು ತೂಗಿದರೆ ಸಂಶಯಪಡಬೇಕು. ಅದಕ್ಕಿಂತ ಕಠಿಣವಾದ ತೊಡಕು ದಣಿವಿನದು. ಒಳಗಿನ ಕಡ್ಡಿಗಳ ಒರಟು ಮೈಯನ್ನು ಯಾವ ಉಪಕರಣವೂ ಮುಟ್ಟಿ ನುಣುಪುಗೊಳಿಸಲಾರದು. ಪದೇ ಪದೇ ಹೊರೆ ಬೀಳುವಲ್ಲಿ ಬಿರುಕು ಆ ಒರಟಿನಿಂದಲೇ ಹೊರಡುತ್ತದೆ.

ಮಿಚೆಲ್ಲನ ಸೂಕ್ಷ್ಮ ಕಡ್ಡಿಗಳು, ಬೆಂಡ್ಸೋ ಮತ್ತು ಕಿಕೂಚಿಯವರ ಕೋಶಗಳು, ಇಂದಿನ ಜಾಲರಿ, ಇವೆಲ್ಲ ಒಂದೇ ವಂಶದವು. ಆದರೆ ಮೊದಲಿನವುಗಳಲ್ಲಿ ಪ್ರತಿಯೊಂದು ಎಳೆಯೂ ಹೊರೆಯ ದಿಕ್ಕನ್ನು ಅನುಸರಿಸಿತ್ತು. ಎಲ್ಲೆಡೆಯೂ ಒಂದೇ ನಮೂನೆಯಲ್ಲಿ ತುಂಬಿದ ಜಾಲರಿಯಲ್ಲಿ ಆ ಗುಣವಿಲ್ಲ. ಆದುದರಿಂದ ಜಾಲರಿ ತುಂಬಿದ ಬ್ರಾಕೆಟ್ಟನ್ನು ಕಂಡಾಗ ಅದು ಯಾವ ಹೊರೆಗೆ, ಬಿಗಿತಕ್ಕೋ ಬಳುಕುವಿಕೆಯ ತಡೆಗೋ ಎಂದು ಕೇಳಬೇಕು. ಇದಕ್ಕೆ ಉತ್ತರ ಸಿಗದಿದ್ದರೆ ಅಲ್ಲಿ ಗಟ್ಟಿ ಲೋಹವನ್ನೇ ಸರಿಯಾದ ದಾರಿಯಲ್ಲಿ ಹರಡುವುದು ಲೇಸೆಂದು ನಮ್ಮ ಅಭಿಪ್ರಾಯ.