ರೋಣಿ ಮಳಿ, ಓಣೆಲ್ಲ ಜ್ವಾಳ

ನಮ್ಮ ಗೋಗಿಗೆ ಹೊರಗಿನವರು ಬರೋದು ಯೂಸುಫ್ ಆದಿಲ್ ಶಾಹನ ಗೋರಿ ನೋಡ್ಲಿಕ್ಕೆ. ನಮ್ಮ ಆಯಿ ಹೇಳ್ತಿದ್ದ ಗಾದಿಮಾತು ಕೇಳ್ಲಿಕ್ಕೆ ಯಾರು ಬರ್ತಾರ? ಹಂಗಾಗಿ ಪಿಯುಸಿ ಮುಗಿಸಿ ಮನ್ಯಾಗ ಕುಂತಾಗ ನಾನೇ ಒಂದು ನೋಟ್‌ಬುಕ್ ಹಿಡದೆ.

ಮೊದಲನೇ ಪುಟದಾಗೇ ತಪ್ಪಿದೆ ನೋಡ್ರಿ. "ರೋಹಿಣಿ ಮಳೆ ಬಂದರೆ ಬೀದಿಯೆಲ್ಲ ಜೋಳ" ಅಂತ ಸಾಲಿ ಭಾಷಾದಾಗ ಬರದು, ಆಯಿ ಮುಂದ ಓದಿದೆ. ಆಯಿ ನಕ್ಕು, "ಇದು ನಾ ಹೇಳಿದ್ದಲ್ಲವಾ" ಅಂದ್ಲು. ಆಕಿ ಹೇಳಿದ್ದು, "ರೋಣಿ ಮಳಿಗಿ ಓಣೆಲ್ಲ ಜ್ವಾಳ". ರೋಣಿಗೂ ಓಣಿಗೂ ಪ್ರಾಸ ಕೂಡೋದ್ರಿಂದನೇ ಅದು ನೆನಪಿನ್ಯಾಗ ನಿಲ್ತದ. ನಾ ತಿದ್ದಿ ಅದನ್ನ ಸತ್ತ ಮಾತು ಮಾಡಿದ್ದೆ. ರೋಣಿ ಮಳಿ ಮೇ ಕಡೀ ವಾರದಿಂದ ಜೂನ್ ಮೊದಲನೇ ವಾರದ ತನಕ. ಅಂದ್ರ ಇದು ಮುಂಗಾರಿ ಜ್ವಾಳದ ಮಾತು. ನಮ್ಮ ಎರಿ ಹೊಲದಾಗ ಹಿಂಗಾರಿ ಬಿಳಿ ಜ್ವಾಳನೂ ಬೆಳೀತಾರಲ್ಲ, ಅದಕ್ಕ ಇದನ್ನ ಹಚ್ಚಬಾರ್ದು. ಈಗ ನಾರಾಯಣಪುರ ಡ್ಯಾಮಿನ ಕಾಲುವಿ ನೀರು ಬಂದು ಎಷ್ಟೋ ಕಡಿ ನೆಲ್ಲು ಆಗ್ಯಾದ. ಅಲ್ಲಿ ಬೆಳೆದ ಹುಡುಗ್ರಿಗೆ ಯಾವ ಮಳಿಗೆ ಯಾವ ಬಿತ್ತಗಿ ಅಂತ ಬರದಿಡ್ಲಿಲ್ಲಂದ್ರ ಗಾದಿ ಬರೀ ಹಾಡಿದಂಗ ಕೇಳಸ್ತದ.

ಎರಡನೇದು ಲಗ್ನಾದ ಮ್ಯಾಲೆ ತಿಳೀತು. "ಮಗಿ ಮಳಿ ಬಂದಷ್ಟು ಚೊಲೊ, ಮನಿ ಮಗ ಉಂಡಷ್ಟು ಚೊಲೊ." ಇದರ ಕೆಳಗ ನಾನು "ಮಳೆಯ ಮಹತ್ವ" ಅಂತ ಅರ್ಥ ಬರದಿದ್ದೆ. ನಮ್ಮ ಅತ್ತಿಯವರು ಇದನ್ನ ಹೇಳ್ತಿದ್ದದ್ದು ತಮ್ಮ ಮಗನ ಗಂಗಾಳಕ್ಕ ಇನ್ನೊಂದು ರೊಟ್ಟಿ ಹಾಕೋವಾಗ. ನಾನು ಒಲಿ ಮುಂದ ಕುಂತು, ಬುಟ್ಟ್ಯಾಗ ಉಳಿದದ್ದೆಷ್ಟು ಅಂತ ಎಣಸ್ತಿದ್ದೆ. ಆಮ್ಯಾಲೆ ಹೊಲಕ್ಕ ಹೋಗೋ ಹಿರೇರೊಬ್ಬರನ್ನ ಕೇಳಿದ್ರ, ಆಗಸ್ಟ್ ಎರಡನೇ ಭಾಗದಾಗ ಬರೋ ಈ ಮಳಿ ನಿಂತಿರೋ ಬೆಳಿಗೂ ಬೇಕು, ಹಿಂಗಾರಿ ಹೊಲ ಹಸಿ ಹಿಡಿಲಿಕ್ಕೂ ಬೇಕು ಅಂದ್ರು. ಅವರದೂ ಬರದೆ, ಅತ್ತಿಯವರ ರೊಟ್ಟಿನೂ ಬರದೆ. ಸೊಸಿಗೆ ಆ ಮಾತು ಹೆಂಗ ಕೇಳಸ್ತಿತ್ತು ಅನ್ನೋದನ್ನ ಮಾತ್ರ ಬ್ಯಾರೆ ಸಾಲಿನ್ಯಾಗ, ನನ್ನ ಮಾತು ಅಂತ ಗುರ್ತು ಹಾಕಿ ಇಟ್ಟೀನಿ. ಅವರ ಬಾಯಾಗ ನನ್ನ ಸಿಟ್ಟು ತುರುಕಬಾರ್ದಲ್ಲ.

ಕಿಟೆಲ್ ಸಾಹೇಬ್ರು 1894ರ ತಮ್ಮ ಡಿಕ್ಷನರ್‍ಯಾಗ ಎಷ್ಟೋ ಗಾದಿ ಕೂಡಿಸ್ಯಾರ, ಭಾಳ ದೊಡ್ಡ ಕೆಲಸ. ಆದ್ರ ಯಾರು, ಯಾರಿಗೆ, ಯಾವ ಹೊತ್ತಿನ್ಯಾಗ ಅಂದ್ರು ಅನ್ನೋದು ಮನ್ಯಾಗ ಇದ್ದವರಿಗೇ ಗೊತ್ತು.

ನನ್ನ ನೋಟ್‌ಬುಕ್ಕಿನ್ಯಾಗ ಒಂದು ಪುಟ ಅರ್ಧ ಖಾಲಿ ಅದ. "ಸ್ವಾತಿ ಮಳಿ ಬಂದ್ರ ಮುತ್ತಿನಂಥ ಜ್ವಾಳ" ಅಂತ ಆಯಿ ಒಂದಿನ ಯಾರಿಗೋ ಅಂದಿದ್ಲು. ಅಕ್ಟೋಬರ್ ಕಡೀ ಮಳಿ, ಹಿಂಗಾರಿ ಜ್ವಾಳ, ಇಷ್ಟು ತಿಳೀತದ. ಆದ್ರ ಅವತ್ತು ಮನ್ಯಾಗ ಬೀಗರು ಕುಂತಿದ್ರು, ಹೊಲದ ಮಾತೇ ಇರ್ಲಿಲ್ಲ. ನಾಳಿ ಕೇಳಿದ್ರಾಯ್ತು ಅಂದ್ಕೊಂಡೆ, ಆ ವರ್ಷನೇ ಆಯಿ ಹೋದ್ಲು. ನಿಮ್ಮನಿ ಹಿರೇರು ಇದನ್ನ ಯಾವಾಗ ಅಂತಾರ, ಕೇಳಿ ನನಗ ತಿಳಸ್ರಿ.