ಎಸ್‌ಕೆಟಮಿನ್ ಮತ್ತು ಕೆಟಮಿನ್: ಜಗ್ಗದ ಖಿನ್ನತೆಯ ಚಿಕಿತ್ಸೆ

ಕೆಟಮಿನ್ ಮೂಲತಃ ಅರಿವಳಿಕೆಯ ಔಷಧ. ಅರಿವು ತಪ್ಪಿಸಲು ಬೇಕಾಗುವುದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ ಅದನ್ನು ರಕ್ತನಾಳದ ಮೂಲಕ ಕೊಟ್ಟು ಖಿನ್ನತೆಗೂ ಬಳಸುತ್ತಾರೆ. ಎಸ್‌ಕೆಟಮಿನ್ ಅದೇ ಅಣುವಿನ ಎರಡು ಪ್ರತಿಬಿಂಬ ರೂಪಗಳಲ್ಲಿ ಒಂದು. ಮೂಗಿನ ಸ್ಪ್ರೇಯಾಗಿ ದೊರೆಯುತ್ತದೆ. ಕನಿಷ್ಠ ಎರಡು ಖಿನ್ನತೆ ನಿವಾರಕಗಳನ್ನು ತಕ್ಕ ಪ್ರಮಾಣದಲ್ಲಿ, ಸಾಕಷ್ಟು ವಾರ ತೆಗೆದುಕೊಂಡರೂ ಗುಣ ಕಾಣದಿದ್ದರೆ ಅದನ್ನು ಜಗ್ಗದ ಖಿನ್ನತೆ ಎನ್ನುತ್ತಾರೆ. ಎರಡೂ ಔಷಧಗಳು ಗ್ಲುಟಮೇಟ್‌ನ ಎನ್‌ಎಂಡಿಎ ಗ್ರಾಹಕವನ್ನು ತಡೆಯುತ್ತವೆ. ಅಮೆರಿಕದ ಎಫ್‌ಡಿಎ 2019ರಲ್ಲಿ ಎಸ್‌ಕೆಟಮಿನ್‌ಗೆ ಅನುಮತಿ ನೀಡಿತು. ರಕ್ತನಾಳದ ಕೆಟಮಿನ್‌ಗೆ ಖಿನ್ನತೆಗಾಗಿ ಅಂಥ ಅನುಮತಿ ಇಲ್ಲ; ವೈದ್ಯರು ಅದನ್ನು ತಮ್ಮ ವಿವೇಚನೆಯ ಮೇಲೆ ಬಳಸುತ್ತಾರೆ.

ಪುರಾವೆ

2013ರಲ್ಲಿ ಮರೋ ಮತ್ತು ಸಂಗಡಿಗರು 73 ರೋಗಿಗಳಲ್ಲಿ ಕೆಟಮಿನ್ ಅನ್ನು ಮಿಡಾಜೋಲಾಮ್ ಜೊತೆ ಹೋಲಿಸಿದರು. 24 ಗಂಟೆಗಳ ಬಳಿಕ ಕೆಟಮಿನ್ ಪಡೆದವರಲ್ಲಿ ಶೇ. 64, ಮಿಡಾಜೋಲಾಮ್ ಪಡೆದವರಲ್ಲಿ ಶೇ. 28 ಮಂದಿಯಲ್ಲಿ ಸುಧಾರಣೆ ಕಂಡಿತು. ಉಪ್ಪುನೀರಿನ ಬದಲು ಮಿಡಾಜೋಲಾಮ್ ಆರಿಸಿದ್ದಕ್ಕೆ ಕಾರಣವಿತ್ತು. ಕೆಟಮಿನ್ ಪಡೆದವರಿಗೆ ತೇಲಿದಂತೆ, ತಮ್ಮಿಂದ ತಾವೇ ಬೇರೆಯಾದಂತೆ ಅನಿಸುವುದರಿಂದ ತಮಗೆ ಯಾವುದು ಸಿಕ್ಕಿತೆಂದು ಅವರು ಊಹಿಸಿಬಿಡುತ್ತಾರೆ. ಮಂಪರು ತರುವ ಇನ್ನೊಂದು ಔಷಧ ಕೊಟ್ಟರೆ ಆ ಊಹೆ ಕಷ್ಟವಾಗುತ್ತದೆ, ಆದರೆ ಪೂರ್ತಿ ತಪ್ಪುವುದಿಲ್ಲ.

ಈ ತೊಡಕನ್ನು ನೇರವಾಗಿ ಎದುರಿಸಿದ ಅಧ್ಯಯನ 2023ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಪ್ರಕಟವಾಯಿತು. ಖಿನ್ನತೆಯಿದ್ದ 40 ಮಂದಿಗೆ ಬೇರೆ ಶಸ್ತ್ರಚಿಕಿತ್ಸೆಯ ಅರಿವಳಿಕೆಯಲ್ಲಿರುವಾಗಲೇ ಕೆಟಮಿನ್ ಅಥವಾ ಉಪ್ಪುನೀರು ಕೊಡಲಾಯಿತು. ಎರಡೂ ಗುಂಪುಗಳಲ್ಲಿ ಖಿನ್ನತೆ ಇಳಿಯಿತು. ಗುಂಪುಗಳ ನಡುವೆ ಗಮನಾರ್ಹ ಅಂತರ ಕಾಣಲಿಲ್ಲ. ಅರಿವಳಿಕೆಯೇ ಕೆಟಮಿನ್‌ನ ಕೆಲಸವನ್ನು ಮಸುಕುಗೊಳಿಸಿರಬಹುದು. ಆದ್ದರಿಂದ ಇದು ಕೆಟಮಿನ್ ನಿಷ್ಫಲವೆಂಬುದಕ್ಕೆ ಸಾಕ್ಷಿಯಲ್ಲ. ಆದರೆ ನಿರೀಕ್ಷೆಯ ಪಾಲು ದೊಡ್ಡದಿರಬಹುದು ಎಂಬ ಎಚ್ಚರಿಕೆಯಂತೂ ಹೌದು.

ಎಸ್‌ಕೆಟಮಿನ್‌ಗೆ ದೀರ್ಘ ಹೋಲಿಕೆಯ ಆಧಾರವಿದೆ. 676 ರೋಗಿಗಳ ಎಸ್ಕೇಪ್-ಟಿಆರ್‌ಡಿ ಪ್ರಯೋಗದಲ್ಲಿ ಎಲ್ಲರೂ ತಮ್ಮ ಮಾತ್ರೆಯನ್ನು ಮುಂದುವರಿಸಿದರು. ಅದರ ಜೊತೆಗೆ ಎಸ್‌ಕೆಟಮಿನ್ ಪಡೆದವರಲ್ಲಿ ಶೇ. 27.1, ಕ್ವೆಟಿಯಾಪಿನ್ ಪಡೆದವರಲ್ಲಿ ಶೇ. 17.6 ಮಂದಿ ಎಂಟನೆಯ ವಾರಕ್ಕೆ ಪೂರ್ಣ ಉಪಶಮನ ಕಂಡರು. ಲಾಭ ನಿಜ, ಆದರೆ ಹೆಚ್ಚಿನವರಿಗೆ ಆ ಹೊತ್ತಿಗೆ ಉಪಶಮನ ಸಿಕ್ಕಿರಲಿಲ್ಲ.

ಕೊಡುವ ಕ್ರಮ ಮತ್ತು ನಿಗಾ

ರಕ್ತನಾಳದ ರೂಢಿಯ ಪ್ರಮಾಣ ದೇಹತೂಕದ ಕಿಲೋಗೆ 0.5 ಮಿ.ಗ್ರಾಂ, 40 ನಿಮಿಷಗಳಲ್ಲಿ. ಉದಾಹರಣೆಗೆ 70 ಕಿಲೋ ತೂಕದ ರೋಗಿಗೆ 35 ಮಿ.ಗ್ರಾಂ. ಆರಂಭದ ರಕ್ತದೊತ್ತಡ 128/80 ಇದೆ ಎಂದುಕೊಳ್ಳೋಣ. ಸುಮಾರು 20 ನಿಮಿಷಕ್ಕೆ ಆಕೆ ‘ಗೋಡೆ ದೂರ ಹೋಗ್ತಿದೆ, ಈ ಕೈ ನನ್ನದು ಅನ್ನಿಸ್ತಿಲ್ಲ’ ಎನ್ನುತ್ತಾರೆ. ಹೆಸರು ಹಿಡಿದು ಕರೆದರೆ ಉತ್ತರಿಸುತ್ತಾರೆ, ಆಮ್ಲಜನಕದ ಮಟ್ಟ ಸರಿಯಿದೆ. ಇದು ಡಿಸೋಸಿಯೇಷನ್. 40ನೆಯ ನಿಮಿಷಕ್ಕೆ ಒತ್ತಡ 156/94 ಆಗಿದೆ, ಒಂದೂವರೆ ಗಂಟೆಗೆ 132/82ಕ್ಕೆ ಇಳಿದಿದೆ, ಅನುಭವವೂ ಕರಗಿದೆ. ಒತ್ತಡ ಇಳಿಯದಿದ್ದರೆ, ಎದೆನೋವು ಅಥವಾ ತೀವ್ರ ತಲೆನೋವು ಬಂದರೆ ತುರ್ತು ಚಿಕಿತ್ಸೆ ಬೇಕು.

ಎಸ್‌ಕೆಟಮಿನ್ 56 ಅಥವಾ 84 ಮಿ.ಗ್ರಾಂ, ಒಂದೊಂದು ಸ್ಪ್ರೇ ಸಾಧನದಲ್ಲಿ 28 ಮಿ.ಗ್ರಾಂ ಇದ್ದು, ಸಾಧನಗಳ ನಡುವೆ ಐದು ನಿಮಿಷದ ಬಿಡುವು. ಮೊದಲ ನಾಲ್ಕು ವಾರ ವಾರಕ್ಕೆರಡು ಬಾರಿ, ಆಮೇಲೆ ವಿರಳ. ಮನೆಗೆ ಕೊಟ್ಟು ಕಳಿಸುವ ಔಷಧವಲ್ಲ: ಕನಿಷ್ಠ ಎರಡು ಗಂಟೆ ಆಸ್ಪತ್ರೆಯಲ್ಲೇ ಇರಬೇಕು, ರಾತ್ರಿ ನಿದ್ದೆಯಾಗಿ ಮರುದಿನದವರೆಗೆ ವಾಹನ ಓಡಿಸಬಾರದು.

ಡಿಸೋಸಿಯೇಷನ್‌ನ ಅಪಾಯ

ಇದು ಸಾಮಾನ್ಯವಾಗಿ 40 ನಿಮಿಷದ ಸುಮಾರಿಗೆ ಏರಿ, ಎರಡು ಗಂಟೆಯೊಳಗೆ ಇಳಿಯುತ್ತದೆ. ಚಿಕಿತ್ಸೆ ಮುಂದುವರಿದಂತೆ ಅನೇಕರಲ್ಲಿ ತೀವ್ರತೆ ತಗ್ಗುತ್ತದೆ. ಏನಾಗಬಹುದೆಂದು ಮೊದಲೇ ಹೇಳಿರುವುದು, ಮಂದ ಬೆಳಕು, ಪರಿಚಿತ ದನಿಯ ಸಾಂತ್ವನ ಹೆಚ್ಚಿನವರಿಗೆ ಸಾಕು. ಗಾಬರಿ ಮಿತಿಮೀರಿದರೆ ರಕ್ತನಾಳದ ಹನಿ ನಿಲ್ಲಿಸಬಹುದು. ಹಾಕಿದ ಸ್ಪ್ರೇಯನ್ನು ಹಿಂಪಡೆಯಲಾಗದು. ಇದಕ್ಕಿಂತ ಬೇರೆಯದು ಅತಿಮಂಪರು: ಕರೆದರೆ ಓಗೊಡದೆ ಉಸಿರು ನಿಧಾನವಾದರೆ, ಮೊದಲು ಶ್ವಾಸಮಾರ್ಗವನ್ನು ಕಾಯಬೇಕು. ಮನೋವಿಕೃತಿಯ ಹಿನ್ನೆಲೆಯಿದ್ದವರಲ್ಲಿ ವಿಶೇಷ ಎಚ್ಚರ ಅಗತ್ಯ. ರಕ್ತನಾಳ ಉಬ್ಬಿರುವ ಕಾಯಿಲೆ ಅಥವಾ ಮಿದುಳಿನ ರಕ್ತಸ್ರಾವ ಆಗಿದ್ದವರಿಗೆ ಎಸ್‌ಕೆಟಮಿನ್ ಕೂಡದು.

ಡಿಸೋಸಿಯೇಷನ್ ಜೋರಾದಷ್ಟೂ ಗುಣ ಹೆಚ್ಚು ಎಂಬುದು ದೃಢಪಟ್ಟಿಲ್ಲ. ಆದ್ದರಿಂದ ಅದನ್ನು ಹುಡುಕಿಕೊಂಡು ಪ್ರಮಾಣ ಏರಿಸುವುದು ಸಲ್ಲದು. ಕೆಟಮಿನ್ ಅನ್ನು ದೀರ್ಘಕಾಲ ದುರ್ಬಳಕೆ ಮಾಡಿದವರಲ್ಲಿ ಮೂತ್ರಕೋಶದ ಉರಿಯೂತ ಕಂಡಿದೆ. ಹೀಗಾಗಿ ಮರುಕಳಿಕೆ ತಡೆಯಲು ಚಿಕಿತ್ಸೆ ತಿಂಗಳುಗಟ್ಟಲೆ ಸಾಗಿದಾಗ ಪ್ರತಿ ಭೇಟಿಯಲ್ಲೂ ಮೂತ್ರದ ತೊಂದರೆ, ನೆನಪಿನ ಬದಲಾವಣೆ ಮತ್ತು ಔಷಧದ ಹಂಬಲ ಈ ಮೂರನ್ನು ವಿಚಾರಿಸಿ ದಾಖಲಿಸಬೇಕು.