ಗರಡಿ ಕುಸ್ತಿ ಕಲಿಕೆ: ಕಾಗಿನೆಲೆ–ಹಾವೇರಿ ಸೀಮೆ

ಗರಡಿ ಕುಸ್ತಿ ಎಂದರೆ ಅಗೆದು ಹದಮಾಡಿದ ಮಣ್ಣಿನ ಕಣದಲ್ಲಿ ಆಡುವ ಮಲ್ಲಯುದ್ಧ. ಕಾಗಿನೆಲೆ, ಬ್ಯಾಡಗಿ, ಹಾವೇರಿ, ರಾಣೆಬೆನ್ನೂರುಗಳನ್ನೊಳಗೊಂಡ ಸೀಮೆಯಲ್ಲಿ ಇದು ಜಾತ್ರೆಯ ಆಟ. ಕಲಿಸುವವನು ಉಸ್ತಾದ, ಆಡುವವನು ಪೈಲ್ವಾನ. ಊರ ಗರಡಿಯ ಉಸ್ತಾದ ಹಲವು ವೇಳೆ ಹುಡುಗನ ಮನೆಯವನೇ, ಅಂದರೆ ತಂದೆಯೋ ಅಣ್ಣನೋ ಸೋದರಮಾವನೋ ಆಗಿರುತ್ತಾನೆ. ಪಟ್ಟುಗಳು ಪುಸ್ತಕವಿಲ್ಲದೆ ಮೈಯಿಂದ ಮೈಗೆ ದಾಟಿ ಬಂದಿರುವುದು ಹೀಗೆ.

ಇತಿಹಾಸ

ಈ ಕಲಿಕೆಯ ಹಳೆಯ ವಿವರ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿದೆ. 12ನೆಯ ಶತಮಾನದ ಈ ಸಂಸ್ಕೃತ ಗ್ರಂಥದ ಮಲ್ಲವಿನೋದ ಭಾಗವು ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮೂರು ದರ್ಜೆಗಳಲ್ಲಿ ಇರಿಸುತ್ತದೆ. ಅವರ ಆಹಾರವನ್ನೂ ಸಾಮನ್ನೂ ಹೇಳುತ್ತದೆ. ಮರಳಿನ ಚೀಲ ಎತ್ತುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬದ ಮೇಲಿನ ಅಭ್ಯಾಸ ಸ್ತಂಭಶ್ರಮ. ಇಂದಿನ ಮಲ್ಲಕಂಬಕ್ಕೂ ಈ ಕೊನೆಯದಕ್ಕೂ ಇರುವ ನಂಟು ಎದ್ದು ಕಾಣುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನು ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಸಾಮು ಮಾಡಿ, ಮಲ್ಲನೊಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದನೆಂದು ಬರೆದಿದ್ದಾನೆ.

ಉತ್ತರ ಕರ್ನಾಟಕದ ಇಂದಿನ ಶೈಲಿಗೆ ಕೊಲ್ಲಾಪುರದ ಪ್ರಭಾವ ದೊಡ್ಡದು. ಶಾಹು ಮಹಾರಾಜರು ಅಲ್ಲಿ ಕಟ್ಟಿಸಿದ ಖಾಸಬಾಗ್ ಮೈದಾನ 1912ರಲ್ಲಿ ಸಿದ್ಧವಾಯಿತು. ಗಡಿಯ ಕನ್ನಡ ಹುಡುಗರು ಕಲಿಯಲು ಅಲ್ಲಿಗೆ ಹೋದರು. ಚಿಕ್ಕೋಡಿ ಸೀಮೆಯ ಯಕ್ಸಂಬಾದಲ್ಲಿ ಹುಟ್ಟಿ ಕೊಲ್ಲಾಪುರದಲ್ಲಿ ಬೆಳೆದ ಶ್ರೀಪತಿ ಖಂಚನಾಳೆ 1959ರಲ್ಲಿ ಮೊದಲ ಹಿಂದ್ ಕೇಸರಿಯಾದರು. ಘಿಸ್ಸಾ, ಢಾಕ್, ನಿಕಾಲ್, ಸವಾರಿ ಎಂಬ ಪಟ್ಟಿನ ಹೆಸರುಗಳು ಕನ್ನಡದ ಗರಡಿಗಳಲ್ಲೂ ಹಾಗೆಯೇ ನಿಂತಿವೆ.

ಕಣದ ಮಣ್ಣು

ಕಣಕ್ಕೆ ಬೇಕಾದದ್ದು ಕಲ್ಲಿಲ್ಲದ ಕೆಂಪು ಮಣ್ಣು. ಎರೆಮಣ್ಣು ನೀರು ತಾಗಿದರೆ ಮೈಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಹೆಂಟೆಗಟ್ಟುತ್ತದೆ. ಜರಡಿ ಹಿಡಿದ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ, ಕರ್ಪೂರ ಬೆರೆಸುತ್ತಾರೆ. ಏನನ್ನು ಎಷ್ಟು ಹಾಕಬೇಕೆಂಬುದು ಗರಡಿಗೊಂದು ಬಗೆ. ಮುಷ್ಟಿಯಲ್ಲಿ ಹಿಂಡಿದಾಗ ಉಂಡೆಯಾಗಬೇಕು, ಕೆಳಗೆ ಬಿಟ್ಟರೆ ಉದುರಬೇಕು, ಅದು ಹದ. ಕಣವನ್ನು ದಿನವೂ ಗುದ್ದಲಿಯಿಂದ ಅಗೆದು ಮಗುಚದಿದ್ದರೆ ಮಣ್ಣು ಗಟ್ಟಿಯಾಗಿ, ಬಿದ್ದವನ ಭುಜಕ್ಕೆ ಪೆಟ್ಟಾಗುತ್ತದೆ. ಹೊಸ ಹುಡುಗನ ಮೊದಲ ಕೆಲಸವೇ ಈ ಅಗೆತ. ಅವನ ಬೆನ್ನು, ಸೊಂಟ, ಹಿಡಿತಗಳ ಮೊದಲ ಸಾಮು ಇದರಲ್ಲೇ ಆಗಿಬಿಡುತ್ತದೆ.

ಕಲಿಕೆಯ ಕ್ರಮ: ಒಂದು ಮಾದರಿ ಪ್ರಸಂಗ

ಕ್ರಮವನ್ನು ವಿವರಿಸಲು ಕಾಗಿನೆಲೆ ಬದಿಯ ಮನೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಸೋದರಮಾವ ಅರವತ್ತು ದಾಟಿದ ಪೈಲ್ವಾನ. ಅಳಿಯನಿಗೆ ಹದಿನಾಲ್ಕು ವರ್ಷ, ಕುಸ್ತಿಯ ಮೇಲೆ ಮನಸ್ಸಿಲ್ಲ. ತಾಯಿಯ ಒತ್ತಾಯಕ್ಕೆ ನಸುಕಿನಲ್ಲಿ ಗರಡಿಗೆ ಬರುತ್ತಾನೆ.

ಇಂಥ ಹುಡುಗನಿಗೆ ಹಳೆಯ ಉಸ್ತಾದ ಮೊದಲೇ ಪಟ್ಟು ಕಲಿಸುವುದಿಲ್ಲ. ಮೊದಲು ಬಸ್ಕಿ ಮತ್ತು ದಂಡ. ಇಪ್ಪತ್ತರಿಂದ ಶುರುಮಾಡಿ, ಉಸಿರು ಕಟ್ಟದೆ ಎಷ್ಟಾಗುತ್ತದೋ ಅಷ್ಟೇ ಏರಿಸುತ್ತಾ ಹೋಗುವುದು. ಬಳಿಕ ಕುತ್ತಿಗೆಯ ಸಾಮು, ಏಕೆಂದರೆ ಎದುರಾಳಿ ಮೊದಲು ಹಿಡಿದು ಎಳೆಯುವುದು ಕುತ್ತಿಗೆಯನ್ನೇ. ಮೂರನೆಯದು ಬೀಳುವುದು. ಗದ್ದವನ್ನು ಎದೆಗೆ ಒತ್ತಿ, ಕೈ ಊರದೆ, ಭುಜದ ಮೇಲೆ ಉರುಳಬೇಕು. ಕೈ ಊರಿದರೆ ಮೊಣಕೈ ಕೀಲು ತಪ್ಪಬಹುದು.

ಹುಡುಗ ಹಿಂಜರಿಯುವುದು ಈ ಹಂತದಲ್ಲೇ.

“ಮಾಮಾ, ಇದು ನನ್ನಿಂದ ಆಗೂದಿಲ್ಲ. ಬಿದ್ರ ಮಂದಿ ನಗತಾರ.”

“ಬೀಳಾಕ ಕಲತಾಂವಗ ಅಂಜಿಕಿ ಇರೂದಿಲ್ಲ ಅಳಿಯಾ. ಇವತ್ತು ನೀ ಬರೇ ಬೀಳು, ಎಬ್ಬಿಸೂದು ನನ್ನ ಕೆಲಸ.”

ಮಾವ ಅವನನ್ನು ದೊಡ್ಡವರ ಜೊತೆ ಬಿಡುವುದಿಲ್ಲ. ಅವನಿಗಿಂತ ತುಸು ಹಗುರಾದ ಹುಡುಗನೊಡನೆ ಜೋಡಿ ಹಾಕುತ್ತಾನೆ. ನಾಲ್ಕು ಸಲ ಕೆಡವಿ, ಎರಡು ಸಲ ಬಿದ್ದ ಹುಡುಗ ಮರುದಿನ ತಾನಾಗಿಯೇ ಬರುತ್ತಾನೆ. ಸಮನಲ್ಲದ ಜೋಡಿ ಹಾಕಿ ಹುಡುಗರನ್ನು ಕಳೆದುಕೊಂಡ ಗರಡಿಗಳು ಬಹಳ. ಉಸ್ತಾದನ ಜಾಣ್ಮೆ ತಿಳಿಯುವುದು ಈ ಆಯ್ಕೆಯಲ್ಲಿ.

ಪಟ್ಟುಗಳಲ್ಲಿಯೂ ಒಂದೆರಡನ್ನೇ ಆರಿಸಿ ತಿಂಗಳುಗಟ್ಟಲೆ ತಿದ್ದುತ್ತಾರೆ. ಕುಳ್ಳ ಹುಡುಗನಿಗೆ ಕಾಲಿಗೆ ನುಗ್ಗುವ ಪಟ್ಟು, ಎತ್ತರದವನಿಗೆ ಢಾಕ್. ಢಾಕ್‌ನಲ್ಲಿ ಎದುರಾಳಿಯ ಕೈಯನ್ನೂ ಕುತ್ತಿಗೆಯನ್ನೂ ಬಿಗಿಹಿಡಿದು, ಮೈ ತಿರುಗಿಸಿ, ತನ್ನ ಸೊಂಟವನ್ನು ಅವನ ಸೊಂಟದ ಕೆಳಗೆ ತೂರಿಸಿ ಎಸೆಯುತ್ತಾರೆ. ಸೊಂಟ ಪೂರ್ತಿ ಒಳಗೆ ಹೋಗದೆ ಕೈಯಿಂದಲೇ ಎಳೆದರೆ ಪಟ್ಟು ಕೆಡುತ್ತದೆ, ಎಳೆದವನ ಬೆನ್ನು ಎದುರಾಳಿಗೆ ಸಿಕ್ಕಿಬಿಡುತ್ತದೆ.

ಜಾತ್ರೆಯ ಕುಸ್ತಿ

ಸುಗ್ಗಿ ಮುಗಿದ ಮೇಲಿನ ಜಾತ್ರೆಯಲ್ಲಿ ಚಿಕ್ಕ ಹುಡುಗರ ಕುಸ್ತಿ ಮೊದಲು. ಅದಕ್ಕೆ ತೆಂಗಿನಕಾಯಿಯೋ ಸಣ್ಣ ಹಣವೋ ಬಹುಮಾನ. ಬೆಳ್ಳಿ ಕಡಗ, ಗದೆಗಳ ದೊಡ್ಡ ಕುಸ್ತಿ ಕೊನೆಗೆ. ಪಂಚರು ಇಬ್ಬರನ್ನು ಎದುರುಬದುರು ನಿಲ್ಲಿಸಿ, ಮೈಕಟ್ಟು ನೋಡಿ ಜೋಡಿ ಹಾಕುತ್ತಾರೆ. ಅಂಕಗಳ ಲೆಕ್ಕವಿಲ್ಲ. ಎರಡೂ ಭುಜ ಮಣ್ಣಿಗೆ ತಾಗಿದರೆ ಚಿತ್, ಅಲ್ಲಿಗೆ ಮುಗಿಯಿತು.

ಅಳಿಯನ ಮೊದಲ ಕುಸ್ತಿ ಹೀಗೆ ನಡೆಯಬಹುದು. ಕಣಕ್ಕೆ ನಮಸ್ಕರಿಸಿ ಇಬ್ಬರೂ ಒಬ್ಬರ ಮೈಗೊಬ್ಬರು ಮಣ್ಣು ಹಾಕುತ್ತಾರೆ. ಬೆವರು, ಎಣ್ಣೆ ಇದ್ದರೆ ಹಿಡಿತ ಜಾರುತ್ತದೆ. ಎದುರಾಳಿ ತೂಕದವನು, ಕುತ್ತಿಗೆ ಹಿಡಿದು ಒತ್ತುತ್ತಾನೆ. ಅಳಿಯ ಅವಸರಪಟ್ಟು ದೂರದಿಂದಲೇ ಕಾಲಿಗೆ ನುಗ್ಗುತ್ತಾನೆ. ಎದುರಾಳಿ ಎರಡೂ ಕಾಲನ್ನು ಹಿಂದಕ್ಕೆಸೆದು ಮೈಭಾರವನ್ನೆಲ್ಲ ಬೆನ್ನ ಮೇಲೆ ಹೇರುತ್ತಾನೆ. ಅಳಿಯ ಬೋರಲು ಬೀಳುತ್ತಾನೆ. ಎದುರಾಳಿ ಲಂಗೋಟಿಯ ಹಿಂಬದಿ ಹಿಡಿದು ಘಿಸ್ಸಾಕ್ಕೆ ಎಳೆಯುತ್ತಾನೆ. ಅದು ಕೂಡಿದರೆ ಕೆಳಗಿನವನು ತಲೆಯ ಮೇಲಿಂದ ಮಗುಚಿ ಅಂಗಾತ ಆಗುತ್ತಾನೆ.

“ಮೊಣಕೈ ಒಳಗ ತಗೋ! ಕಾಲು ಅಗಲಿಸು!” ಎಂದು ಮಾವ ಹೊರಗಿನಿಂದ ಕೂಗುತ್ತಾನೆ. ಕಾಲು ಅಗಲವಾದರೆ ಮೈ ಮಗುಚುವುದಿಲ್ಲ. ಎಳೆತ ಸಡಿಲಾದ ಗಳಿಗೆಯಲ್ಲಿ ಹುಡುಗ ಪೃಷ್ಠವನ್ನು ಪಕ್ಕಕ್ಕೆ ಸರಿಸಿ ಎದ್ದು ನಿಲ್ಲುತ್ತಾನೆ. ಹೊತ್ತು ಕಳೆದರೂ ಯಾರೂ ಚಿತ್ ಆಗದ್ದರಿಂದ ಪಂಚರು ಇಬ್ಬರ ಕೈಯನ್ನೂ ಎತ್ತಿ, ಸಮ ಎಂದು ಸಾರುತ್ತಾರೆ. ಮರುದಿನದ ಪಾಠ ಒಂದೇ: ಕಾಲಿಗೆ ನುಗ್ಗುವ ಮೊದಲು ಎದುರಾಳಿಯ ಕೈಯನ್ನು ಮೇಲಕ್ಕೆ ಎತ್ತಿಸಬೇಕು, ಒಂದು ಹೆಜ್ಜೆ ಹತ್ತಿರವಾಗಬೇಕು.

ಗಾಯ ಮತ್ತು ಮಿತಿ

ಕಿವಿ ಮುದುಡಿದ ಪೈಲ್ವಾನರನ್ನು ಎಲ್ಲೆಡೆ ಕಾಣಬಹುದು. ಉಜ್ಜಾಟದಿಂದ ಕಿವಿಯ ಮೃದ್ವಸ್ಥಿಗೂ ಅದರ ಮೇಲಿನ ಪೊರೆಗೂ ನಡುವೆ ರಕ್ತ ತುಂಬಿಕೊಳ್ಳುತ್ತದೆ. ಮೆತ್ತಗೆ ಊದಿದ ಮೊದಲ ದಿನಗಳಲ್ಲೇ ವೈದ್ಯರಿಂದ ತೆಗೆಸಿದರೆ ಕಿವಿ ಉಳಿಯುತ್ತದೆ. ಬಿಟ್ಟರೆ ಗಟ್ಟಿಯಾಗಿ ಹಾಗೆಯೇ ನಿಲ್ಲುತ್ತದೆ. ಅದನ್ನು ಬಿರುದೆಂದು ಬಗೆದು ಹುಡುಗರ ಕಿವಿ ಕೆಡಿಸುವುದು ಸರಿಯಲ್ಲ. ಅರಿಸಿನ ಬೆರೆಸಿದ ಮಣ್ಣು ಚರ್ಮರೋಗ ತಡೆಯುತ್ತದೆಂಬ ನಂಬಿಕೆಗೂ ಜೋತುಬೀಳಬಾರದು. ಗಜಕರ್ಣ ಮೈಯಿಂದ ಮೈಗೆ ಹರಡುತ್ತದೆ, ಕಲೆ ಕಂಡವನನ್ನು ವಾಸಿಯಾಗುವವರೆಗೆ ಕಣದಿಂದ ಹೊರಗಿಡಬೇಕು.

ಮ್ಯಾಟ್ ಬಂದ ಮೇಲೆ ಕಲಿಕೆಯ ಒಂದು ಭಾಗ ಉಲ್ಟಾ ಆಗಿದೆ. ಮಣ್ಣಿನಲ್ಲಿ ಬೋರಲು ಮಲಗಿ ಎದುರಾಳಿಯನ್ನು ದಣಿಸುವುದು ಒಳ್ಳೆಯ ಉಪಾಯ, ಏಕೆಂದರೆ ಅಲ್ಲಿ ಸೋಲುವುದು ಚಿತ್ ಆದಾಗ ಮಾತ್ರ. ಮೂರು ಮೂರು ನಿಮಿಷದ ಎರಡು ಸುತ್ತುಗಳ ಫ್ರೀಸ್ಟೈಲ್‌ನಲ್ಲಿ ಎದುರಾಳಿ ಹಿಂದೆ ಬಂದು ಹಿಡಿತ ಸಾಧಿಸಿದರೂ, ಬೆನ್ನು ಮ್ಯಾಟ್ ಕಡೆಗೆ ಹೊರಳಿದರೂ ಅವನಿಗೆ ಅಂಕ ಸೇರುತ್ತದೆ. ಹತ್ತು ಅಂಕಗಳ ಅಂತರವಾದರೆ ಚಿತ್ ಇಲ್ಲದೆಯೇ ಸೋಲು. ಹೀಗಾಗಿ ಗರಡಿಯಿಂದ ಮ್ಯಾಟ್‌ಗೆ ಹೋಗುವ ಹುಡುಗ ಕುತ್ತಿಗೆಯ ಬಲವನ್ನೂ ಬೀಳುವ ವಿದ್ಯೆಯನ್ನೂ ಹಾಗೆಯೇ ಒಯ್ಯಬಹುದು. ಮಲಗಿ ಕಾಯುವ ಅಭ್ಯಾಸವನ್ನು ಮಾತ್ರ ಮೊದಲ ದಿನದಿಂದಲೇ ಬಿಡಬೇಕಾಗುತ್ತದೆ.